ಸಾರಿನ ಪುಡಿಗೆ ಕೇಳಿದ ಎರಡು ಪ್ರಶ್ನೆ

ನಾನು ಕೆಲಸ ಮಾಡುವುದು ನವಿ ಮುಂಬೈನ ತುರ್ಭೆಯಲ್ಲಿ, ಒಂದು ಸಣ್ಣ ಮಸಾಲೆ ಘಟಕದಲ್ಲಿ. ನಮ್ಮ ಮುಖ್ಯ ಮಾಲು ಸಾರಿನ ಪುಡಿ. ಮಾಟುಂಗ, ಡೊಂಬಿವಲಿ, ಠಾಣೆ ಕಡೆಯ ಅಂಗಡಿಗಳಿಗೆ ಹೋಗುತ್ತದೆ. ಕೊಳ್ಳುವವರಲ್ಲಿ ಅರ್ಧಕ್ಕಿಂತ ಜಾಸ್ತಿ ನಮ್ಮೂರ ಕಡೆಯವರೇ.

ಒಂದು ವರ್ಷ ಬ್ಯಾಡಗಿ ಮೆಣಸಿನಕಾಯಿ ಬೆಲೆ ಏರಿತು. ಅಲ್ಲಿಯವರೆಗೆ 10 ಕಿಲೋ ಮೆಣಸಿನಕಾಯಿಯಲ್ಲಿ 8 ಕಿಲೋ ಬ್ಯಾಡಗಿ, 2 ಕಿಲೋ ಗುಂಟೂರು ಹಾಕುತ್ತಿದ್ದೆವು. ಬ್ಯಾಡಗಿ ಬಣ್ಣಕ್ಕೆ, ಗುಂಟೂರು ಖಾರಕ್ಕೆ. ಯಜಮಾನರು ಐದಕ್ಕೈದು ಮಾಡೋಣ ಅಂದರು. "ನೋಡಮ್ಮಾ, ಜನರಿಗೆ ಗೊತ್ತಾಗದಿದ್ದರೆ ಸಾಕು" ಅಂದರು.

ಅವರು ಕೇಳಿದ್ದು "ಗೊತ್ತಾಗುತ್ತದಾ" ಅಂತ. ನಾನು ಪರೀಕ್ಷೆ ಮಾಡಿದ್ದು "ಇಷ್ಟವಾಗುತ್ತದಾ" ಅಂತ. ತಪ್ಪು ಆಗಿದ್ದು ಅಲ್ಲೇ.

ನಮ್ಮಲ್ಲೇ ಕೆಲಸ ಮಾಡುವ 30 ಜನರಿಗೆ ಎರಡೂ ಪುಡಿಯ ಸಾರು ಕೊಟ್ಟು, ಒಂದರಿಂದ ಒಂಬತ್ತರವರೆಗೆ ಅಂಕ ಹಾಕಿಸಿದೆ. ಇದೇ ಹೆಡೋನಿಕ್ ಸ್ಕೇಲ್. 9 ಅಂದರೆ ತುಂಬಾ ತುಂಬಾ ಇಷ್ಟ, 5 ಅಂದರೆ ಇಷ್ಟವೂ ಇಲ್ಲ ಬೇಸರವೂ ಇಲ್ಲ, 1 ಅಂದರೆ ಬಾಯಿಗೇ ಬೇಡ. ಅಮೆರಿಕದ ಸೈನ್ಯದವರು ಸೈನಿಕರಿಗೆ ಯಾವ ಊಟ ಹಿಡಿಸುತ್ತದೆ ಅಂತ ತಿಳಿಯಲು 1940ರ ದಶಕದ ಕೊನೆಯಲ್ಲಿ ಮಾಡಿಕೊಂಡ ಅಳತೆ ಅದು. ನನಗೆ ಬಂದ ಸರಾಸರಿ ಹಳೆಯದಕ್ಕೆ 7.2, ಹೊಸದಕ್ಕೆ 7.1. "ವ್ಯತ್ಯಾಸ ಇಲ್ಲ" ಅಂತ ಬರೆದುಕೊಟ್ಟೆ.

ಎರಡು ತಿಂಗಳಾಗಲಿಲ್ಲ, ಅಂಗಡಿಯವರ ಫೋನ್ ಶುರುವಾಯಿತು. ಮಾಟುಂಗದ ಒಬ್ಬರು ಹೇಳಿದ ಮಾತು ಇನ್ನೂ ನೆನಪಿದೆ. "ಇಪ್ಪತ್ತು ವರ್ಷದಿಂದ ತಗೊಳ್ಳೋ ಅಜ್ಜಿ ಪ್ಯಾಕೆಟ್ ವಾಪಸ್ ತಂದಿಟ್ಟಿದ್ದಾರೆ. ಇದು ನಿಮ್ಮ ಪುಡಿಯೇ ಅಲ್ಲವಂತೆ."

ಎರಡು ಪುಡಿಗೂ 7 ಅಂಕ ಬಂತು ಅಂದರೆ ಎರಡೂ ಒಂದೇ ಥರ ಇವೆ ಅಂತ ಅಲ್ಲ. ಮಾವಿನಹಣ್ಣಿಗೂ 8, ಹಲಸಿನಹಣ್ಣಿಗೂ 8 ಕೊಡುವವರಿದ್ದಾರೆ. ಹಾಗಂತ ಎರಡರ ನಡುವಿನ ವ್ಯತ್ಯಾಸ ಅವರಿಗೆ ಗೊತ್ತಾಗುವುದಿಲ್ಲವೇ?

ಗೊತ್ತಾಗುತ್ತದಾ ಅನ್ನುವ ಪ್ರಶ್ನೆಗೆ ಇರುವುದು ತ್ರಿಕೋನ ಪರೀಕ್ಷೆ. ಮೂರು ಲೋಟ ಕೊಡಬೇಕು. ಎರಡರಲ್ಲಿ ಒಂದೇ ಸಾರು, ಒಂದರಲ್ಲಿ ಬೇರೆ. ಬೇರೆ ಯಾವುದು ಅಂತ ಹೇಳಬೇಕು, ಅಷ್ಟೇ. ಯಾವುದು ಚೆನ್ನಾಗಿದೆ ಅಂತ ಕೇಳಬಾರದು. ಗೊತ್ತಾಗದಿದ್ದರೂ ಒಂದನ್ನು ಆರಿಸಲೇಬೇಕು. ಸುಮ್ನೆ ಊಹೆ ಮಾಡಿದರೂ ಮೂರರಲ್ಲಿ ಒಬ್ಬರು ಸರಿ ಹೇಳುತ್ತಾರೆ. ಆ ಊಹೆಗಿಂತ ಎಷ್ಟು ಜಾಸ್ತಿ ಬಂತು ಅನ್ನುವುದೇ ಲೆಕ್ಕ.

ಈ ಸಲ 24 ಜನರನ್ನು ಕೂರಿಸಿದೆ. 24 ಯಾಕೆಂದರೆ ಹಳೆಯದು ಅ, ಹೊಸದು ಬ ಅಂದುಕೊಂಡರೆ ಮೂರು ಲೋಟ ಜೋಡಿಸಲು ಆರು ದಾರಿ ಇವೆ: ಅಅಬ, ಅಬಅ, ಬಅಅ, ಬಬಅ, ಬಅಬ, ಅಬಬ. ಪ್ರತಿಯೊಂದೂ ನಾಲ್ಕು ಜನರಿಗೆ ಹೋಗಬೇಕು. ಇಲ್ಲದಿದ್ದರೆ ಎಲ್ಲರೂ ನಡುವಿನ ಲೋಟವನ್ನೇ ಆರಿಸಿದರೆ ಲೆಕ್ಕ ಕೆಡುತ್ತದೆ. ಲೋಟದ ಮೇಲೆ 417, 852 ಥರ ಮೂರು ಅಂಕೆಯ ಸಂಖ್ಯೆ ಮಾತ್ರ.

ಸಾರು ಮಾಡಿದ್ದು ಹೀಗೆ. 1 ಲೀಟರ್ ನೀರಿಗೆ 12 ಗ್ರಾಂ ಪುಡಿ, 8 ಗ್ರಾಂ ಉಪ್ಪು, 15 ಗ್ರಾಂ ಹುಣಸೆ. ಒಗ್ಗರಣೆ ಇಲ್ಲ, ಬೇಳೆ ಇಲ್ಲ. ಇಂಗು, ಕರಿಬೇವು ಬಿದ್ದರೆ ಪುಡಿಯ ವ್ಯತ್ಯಾಸ ಅದರಡಿ ಮುಚ್ಚಿಹೋಗುತ್ತದೆ. ಎರಡೂ ಪಾತ್ರೆ ಬಿಸಿನೀರಿನಲ್ಲಿಟ್ಟು 60 ಡಿಗ್ರಿಯಲ್ಲಿ ಹಿಡಿದು, ಲೋಟಕ್ಕೆ 30 ಮಿಲಿ ಹಾಕಿದೆವು. ಗುಂಟೂರು ಜಾಸ್ತಿಯಾದ ಸಾರಿಗೆ ಬಣ್ಣ ಕಡಿಮೆ. ಅದು ಕಣ್ಣಿಗೇ ಕಂಡರೆ ನಾಲಿಗೆಗೆ ಕೆಲಸವೇ ಇಲ್ಲ. ಅದಕ್ಕೆ ಸ್ಟೋರ್ ರೂಮಿನ ಕಿಟಕಿ ಮುಚ್ಚಿ ಕೆಂಪು ಝೀರೋ ಬಲ್ಬ್ ಹಾಕಿದೆವು. ಖಾರ ಬಾಯಲ್ಲಿ ಉಳಿಯುತ್ತದೆ, ನೀರು ಕುಡಿದರೆ ಹೋಗುವುದಿಲ್ಲ. ಹಾಗಾಗಿ ಒಂದು ಲೋಟಕ್ಕೂ ಇನ್ನೊಂದಕ್ಕೂ ಎರಡು ನಿಮಿಷ ಬಿಟ್ಟೆವು. ನಡುವೆ ಒಂದು ತುತ್ತು ಬರೀ ಅನ್ನ, ಒಂದು ಗುಟುಕು ತಣ್ಣನೆ ಹಾಲು, ಆಮೇಲೆ ಬೆಚ್ಚಗಿನ ನೀರು. ಆ ದಿನ ಒಬ್ಬರು ಬೆಳ್ಳುಳ್ಳಿ ಚಟ್ನಿ ಹಾಕಿದ ವಡಾಪಾವ್ ತಿಂದು ನೇರ ಬಂದಿದ್ದರು. ಅವರನ್ನು ಮಧ್ಯಾಹ್ನದ ಗುಂಪಿಗೆ ಹಾಕಿದೆ.

24ರಲ್ಲಿ 17 ಜನ ಸರಿ ಹೇಳಿದರು. ಬರೀ ಊಹೆಯಲ್ಲ ಅನ್ನಲು ಈ ಪರೀಕ್ಷೆಯ ಟೇಬಲ್ ಪ್ರಕಾರ 13 ಬಂದರೆ ಸಾಕು. ವ್ಯತ್ಯಾಸ ಖಂಡಿತ ಇದೆ ಅಂತ ಬರೆಯಲು ಹೊರಟೆ. ಆದರೆ ಹಾಳೆಯ ಕೆಳಗೆ "ಏನು ಬೇರೆ ಅನ್ನಿಸಿತು" ಅಂತ ಒಂದು ಸಾಲು ಬಿಟ್ಟಿದ್ದೆ. ಆ 17ರಲ್ಲಿ 10 ಜನ ಬರೆದಿದ್ದು "ದಪ್ಪ ಇದೆ" ಅಂತ. ಖಾರ ಅಂತ ಬರೆದವರು ಮೂರೇ ಜನ.

ಮೆಣಸಿನಕಾಯಿ ಬದಲಾದರೆ ಸಾರು ಯಾಕೆ ದಪ್ಪ ಆಗಬೇಕು? ಪಾತ್ರೆ ಹತ್ತಿರ ಹೋಗಿ ನೋಡಿದೆ. ಹಳೇ ಪುಡಿಯ ಪಾತ್ರೆಯಲ್ಲಿ ಸೌಟು ಒಳಗೇ ಇತ್ತು, ಬಡಿಸುವವರು ಪ್ರತಿ ಸಲ ಕಲಕುತ್ತಿದ್ದರು. ಹೊಸದರ ಪಾತ್ರೆಗೆ ಸೌಟು ಚಿಕ್ಕದು, ಮೇಲಿನ ತಿಳಿಯನ್ನೇ ತೆಗೆದು ಹಾಕುತ್ತಿದ್ದರು. ಜನ ಹಿಡಿದಿದ್ದು ಪುಡಿಯ ವ್ಯತ್ಯಾಸವನ್ನಲ್ಲ, ಸೌಟಿನ ವ್ಯತ್ಯಾಸವನ್ನು.

ಈ ಪರೀಕ್ಷೆ ತುಂಬಾ ಚುರುಕು. ನೀವು ಬೇಕಂತ ಮಾಡಿದ ವ್ಯತ್ಯಾಸ ಯಾವುದು, ಬೇಡವಾಗಿ ಬಂದದ್ದು ಯಾವುದು ಅಂತ ಅದಕ್ಕೆ ಗೊತ್ತಿಲ್ಲ. ಬಿಸಿ ಐದು ಡಿಗ್ರಿ ಕಡಿಮೆ ಇದ್ದರೂ ಜನ ಹಿಡಿದುಬಿಡಬಹುದು. ಅದಕ್ಕೇ ಆ ಟಿಪ್ಪಣಿ ಸಾಲು ಬೇಕು.

ಎರಡೂ ಸಾರನ್ನು ಒಂದೇ ಬಟ್ಟೆಯಲ್ಲಿ ಸೋಸಿ, ಒಂದೇ ಅಳತೆಯ ಸೌಟು ಇಟ್ಟೆವು. ಅಷ್ಟಕ್ಕೇ ಬಿಡಲಿಲ್ಲ. ಎರಡು ಪಾತ್ರೆಯಲ್ಲೂ ಹಳೇ ಪುಡಿಯ ಸಾರನ್ನೇ ಮಾಡಿ, ಬೇರೆ ಬೇರೆ ಅನ್ನುವ ಹಾಗೆ 18 ಜನರಿಗೆ ಕೊಟ್ಟೆ. 7 ಜನ "ಸರಿ" ಹೇಳಿದರು. ಊಹೆಯಲ್ಲೇ 6 ಬರಬೇಕಿತ್ತು. ಅಂದರೆ ಬಡಿಸುವುದರಲ್ಲಿ ಈಗ ಎದ್ದು ಕಾಣುವ ವ್ಯತ್ಯಾಸ ಇಲ್ಲ.

ಮತ್ತೆ ನಿಜವಾದ ಪರೀಕ್ಷೆ. 24ರಲ್ಲಿ 14 ಸರಿ. ಬರೀ ಊಹೆಯಿಂದ 14 ಅಥವಾ ಅದಕ್ಕಿಂತ ಜಾಸ್ತಿ ಬರುವ ಸಾಧ್ಯತೆ ಎಷ್ಟು ಅಂತ ಎಕ್ಸೆಲ್‌ನಲ್ಲಿ ಹೀಗೆ ನೋಡಬಹುದು:

```
=1-BINOM.DIST(13,24,1/3,TRUE)
```

ಉತ್ತರ ಸುಮಾರು 0.01. ನೂರು ಸಲ ಮಾಡಿದರೆ ಒಂದು ಸಲ. ಹಾಗಾಗಿ ವ್ಯತ್ಯಾಸ ಗೊತ್ತಾಗುತ್ತದೆ ಅಂತ ಧೈರ್ಯವಾಗಿ ಹೇಳಬಹುದು. ಈ ಸಲ ಟಿಪ್ಪಣಿಯಲ್ಲೂ ಹೆಚ್ಚಿನವರು "ಗಂಟಲಲ್ಲಿ ಖಾರ" ಅಂತಲೇ ಬರೆದಿದ್ದರು.

ಯಜಮಾನರು ಕೇಳಿದರು, "14 ಜನಕ್ಕೆ ಗೊತ್ತಾಯ್ತಲ್ವಾ?" ಇಲ್ಲ. ನಿಜವಾಗಿ ಗೊತ್ತಾದವರು 9 ಜನ ಅಂದುಕೊಳ್ಳಿ. ಉಳಿದ 15 ಜನ ಊಹೆ ಮಾಡಿದರೆ ಅದರಲ್ಲಿ 5 ಜನ ಸರಿ. 9 ಕೂಡಿಸು 5, ಹದಿನಾಲ್ಕು. ನೂರಕ್ಕೆ ಸುಮಾರು 37 ಜನ ಹಿಡಿಯುತ್ತಾರೆ ಅನ್ನುವ ಅಂದಾಜು ಇದು.

ಹಿಡಿದವರಿಗೆ ಇಷ್ಟವಾಯಿತೇ ಇಲ್ಲವೇ ಅನ್ನುವುದು ಮಾತ್ರ ಇದರಿಂದ ತಿಳಿಯುವುದಿಲ್ಲ. ಅದೇ 24 ಜನರನ್ನು ಕೇಳಿದರೆ? ಕೇಳಬಾರದು. ಅವರ ಗಮನ ಆಗಲೇ ವ್ಯತ್ಯಾಸದ ಮೇಲೆ ನೆಟ್ಟಿದೆ. "ಬೇರೆ" ಅನ್ನಿಸಿದ ಲೋಟಕ್ಕೆ ಅಂಕ ತಾನಾಗಿ ಇಳಿಯುತ್ತದೆ. ಇಷ್ಟದ ಪ್ರಶ್ನೆಗೆ ಮನೆಯಲ್ಲಿ ಈ ಪುಡಿ ಬಳಸುವವರೇ ಬೇಕು, ಅದೂ ನೂರರ ಹತ್ತಿರ.

ಡೊಂಬಿವಲಿಯ ಒಂದು ಹಾಲ್‌ನಲ್ಲಿ ಎರಡು ಭಾನುವಾರ ಕೂತು, ವಾರಕ್ಕೊಮ್ಮೆಯಾದರೂ ಸಾರು ಮಾಡುವ 96 ಜನರನ್ನು ಕೇಳಿದೆವು. ಇಲ್ಲಿ ಎಲ್ಲವೂ ಉಲ್ಟಾ. ಬೇಳೆ, ಒಗ್ಗರಣೆ, ಅನ್ನ ಎಲ್ಲ ಇತ್ತು. ಮಾಮೂಲಿ ಬೆಳಕು, ಬಣ್ಣ ಕಾಣಲೇಬೇಕು. ಮನೆಯಲ್ಲಿ ಉಣ್ಣುವ ಹಾಗೆ ಉಂಡರೆ ತಾನೇ ಇಷ್ಟ ಗೊತ್ತಾಗುವುದು? ಅರ್ಧ ಜನಕ್ಕೆ ಹಳೆಯದು ಮೊದಲು, ಅರ್ಧ ಜನಕ್ಕೆ ಹೊಸದು ಮೊದಲು. ಹಸಿದ ಹೊಟ್ಟೆಗೆ ಮೊದಲು ಬಂದದ್ದಕ್ಕೆ ಅಂಕ ಜಾಸ್ತಿ ಬೀಳುತ್ತದೆ. ಮೊದಲನೆಯ ಹಾಳೆ ವಾಪಸ್ ತಗೊಂಡ ಮೇಲೆಯೇ ಎರಡನೆಯ ಬಟ್ಟಲು.

ಸ್ಕೇಲಿನ ಕನ್ನಡ ಮಾಡುವಾಗ ಒಂದು ಪದ ತುಂಬಾ ಕಾಡಿತು. 6ಕ್ಕೆ "ಪರವಾಗಿಲ್ಲ" ಅಂತ ಬರೆದಿದ್ದೆ. ಹತ್ತು ಜನರ ಮೇಲೆ ಪ್ರಯೋಗ ಮಾಡಿದಾಗ ಒಬ್ಬರು ಅದನ್ನು ಹೊಗಳಿಕೆಯಾಗಿ ಹಾಕಿದ್ದರು, ಇನ್ನೊಬ್ಬರು "ಹೇಗೋ ನಡೆಯುತ್ತೆ" ಅನ್ನುವ ಬೇಸರದಲ್ಲಿ ಹಾಕಿದ್ದರು. ನಮ್ಮ ಮಾತಲ್ಲಿ ಎರಡೂ ಅರ್ಥ ಇದೆ. ಅದನ್ನು ತೆಗೆದು "ಸ್ವಲ್ಪ ಇಷ್ಟ" ಅಂತ ಹಾಕಿದೆ. ಇನ್ನೊಂದು ತೊಂದರೆ ಸಂಕೋಚದ್ದು. ಬಡಿಸಿದವರ ಎದುರಿಗೆ ಯಾರೂ 4 ಹಾಕುವುದಿಲ್ಲ. ಬಡಿಸುವವರನ್ನು ಪರದೆಯ ಹಿಂದಕ್ಕೆ ಕಳಿಸಿ, ಹಾಳೆಯನ್ನು ಮಡಚಿ ಡಬ್ಬಿಗೆ ಹಾಕಿಸಿದೆವು.

ಸರಾಸರಿ ಬಂದಿದ್ದು ಹಳೆಯದಕ್ಕೆ 7.0, ಹೊಸದಕ್ಕೆ 6.8. ಮೊದಲಿನ ಹಾಗೆ ಇಲ್ಲೇ ನಿಲ್ಲಿಸಿದ್ದರೆ ಮತ್ತೆ ಅದೇ ತಪ್ಪು ಆಗುತ್ತಿತ್ತು. ಈ ಸಲ ಪ್ರತಿ ಅಂಕಕ್ಕೆ ಎಷ್ಟು ಜನ ಅಂತ ಚೌಕುಳಿ ಹಾಳೆಯಲ್ಲಿ ಗುರುತು ಹಾಕಿದೆ. ಹಳೆಯದರಲ್ಲಿ ಒಂದೇ ಗುಡ್ಡೆ, 7ರ ಸುತ್ತ. ಹೊಸದರಲ್ಲಿ ಎರಡು ಗುಡ್ಡೆ. 56 ಜನರ ಸರಾಸರಿ 7.8, ಉಳಿದ 40 ಜನರದ್ದು 5.5. ನಡುವಿನ 6.8ರ ಹತ್ತಿರ ಬರೆದವರು ಬಹಳ ಕಡಿಮೆ.

ರುಚಿ ನೋಡಿದ ಮೇಲೆ "ಮನೆಯಲ್ಲಿ ಎಷ್ಟು ವರ್ಷದಿಂದ ಈ ಪುಡಿ" ಅಂತ ಕೇಳಿದ್ದೆವು. ಆ 40ರಲ್ಲಿ ಹೆಚ್ಚಿನವರು ಹತ್ತು ವರ್ಷಕ್ಕೂ ಮೇಲಿನ ಗಿರಾಕಿಗಳು. ಖಾರ ಇಷ್ಟಪಟ್ಟವರಲ್ಲಿ ಇಲ್ಲೇ ಹುಟ್ಟಿ ಬೆಳೆದ ಚಿಕ್ಕ ವಯಸ್ಸಿನವರು ಜಾಸ್ತಿ.

ಆ ಹಾಳೆ ನೋಡಿ ಯಜಮಾನರೇ ತೀರ್ಮಾನ ಮಾಡಿದರು. ಐದಕ್ಕೈದರ ಪುಡಿ "ಖಾರ" ಅಂತ ಬೇರೆ ಪ್ಯಾಕೆಟ್ಟಿನಲ್ಲಿ ಹೋಗಲಿ. ಹಳೇ ಪ್ಯಾಕೆಟ್ಟಿಗೆ 7 ಬ್ಯಾಡಗಿ, 3 ಗುಂಟೂರು, ಆದರೆ ಗೊತ್ತಾಗಬಾರದು.

"ಗೊತ್ತಾಗಬಾರದು" ಅಂದರೆ ಮತ್ತೆ ತ್ರಿಕೋನ, ಆದರೆ 24 ಜನ ಸಾಲದು. ಕಡಿಮೆ ಜನ ಕೂತರೆ ವ್ಯತ್ಯಾಸ ಇದ್ದರೂ ತಪ್ಪಿಸಿಕೊಳ್ಳುತ್ತದೆ. ವ್ಯತ್ಯಾಸ ಸಿಗಲಿಲ್ಲ ಅನ್ನುವುದೂ ವ್ಯತ್ಯಾಸ ಇಲ್ಲ ಅನ್ನುವುದೂ ಒಂದೇ ಅಲ್ಲ. ಅದಕ್ಕೆ 60 ಜನರನ್ನು ಕರೆದೆವು. ನೂರಕ್ಕೆ 30ಕ್ಕಿಂತ ಜಾಸ್ತಿ ಜನ ಹಿಡಿಯಬಾರದು ಅನ್ನುವ ಗೆರೆಯನ್ನು ಮೊದಲೇ ಎಳೆದುಕೊಂಡೆವು. 23 ಜನ ಸರಿ ಹೇಳಿದರು. ಊಹೆಯಲ್ಲೇ 20 ಬರುತ್ತಿತ್ತು. ಲೆಕ್ಕ ಹಾಕಿದರೆ ನಿಜವಾಗಿ ಹಿಡಿಯುವವರು ನೂರಕ್ಕೆ 7 ಅಥವಾ 8, ತೀರಾ ಜಾಸ್ತಿ ಅಂದರೂ 23. ಗೆರೆಯ ಒಳಗೇ ಇದೆ. ಆ ಪುಡಿ ಅಂಗಡಿಗೆ ಹೋಯಿತು.

ಈಗ ಪ್ರತಿ ಸುಗ್ಗಿಯ ಹೊಸ ಬ್ಯಾಡಗಿ ಬಂದಾಗ ಈ ಪರೀಕ್ಷೆ ಇದೆ. ಮೊದಲು ಹೋದ ವರ್ಷದ ಪುಡಿಯ ಜೊತೆ ಮಾತ್ರ ಹೋಲಿಸುತ್ತಿದ್ದೆ. ಪ್ರತಿ ವರ್ಷ ಗೊತ್ತಾಗದಷ್ಟು ಸರಿದರೂ ಐದು ವರ್ಷದಲ್ಲಿ ರುಚಿ ಎಲ್ಲಿಗೋ ಹೋಗಿರುತ್ತದೆ. ಹಾಗಾಗಿ ಹಳೇ 8:2ರ ಅಳತೆಯಲ್ಲೂ ಆಯಾ ಸುಗ್ಗಿಯ ಒಳ್ಳೆ ಕಾಯಿಯಿಂದ ಎರಡು ಕಿಲೋ ಪುಡಿ ಮಾಡಿಸಿ, ಸೀಲ್ ಮಾಡಿ ಫ್ರೀಜರಿನಲ್ಲಿ ಇಡುತ್ತೇನೆ. ಮೂರು ಲೋಟದಲ್ಲಿ ಒಂದು ಕಡೆ ಯಾವಾಗಲೂ ಅದೇ ಇರುತ್ತದೆ.