ಅಂಗಡಿಯವರ ಕ್ಷಮಾಪಣೆ ಪತ್ರ: ಕಳಿಸುವ ಮೊದಲು ತಿದ್ದುವುದು ಹೇಗೆ?

ಹಬ್ಬಕ್ಕೆ ತರಿಸಿದ ಹೋಳಿಗೆ ಹುಳಿಯಾಗಿತ್ತು ಎಂದು ದೂರಿದ ಡೊಂಬಿವಲಿಯ ಗ್ರಾಹಕಿಯೊಬ್ಬರಿಗೆ ಮುಂಬೈಯ ಮಾಟುಂಗಾದ ಒಂದು ತಿಂಡಿ ಅಂಗಡಿಯ ಯಜಮಾನರು ಬರೆದ ಪತ್ರ ಇದು. ಕಳಿಸುವ ಮೊದಲು ಒಮ್ಮೆ ನೋಡಿಕೊಡಿ ಎಂದು ನನಗೆ ಕೊಟ್ಟಿದ್ದರು. ಅವರ ಒಪ್ಪಿಗೆ ಪಡೆದು, ಹೆಸರು ಬಿಟ್ಟು, ಇಲ್ಲಿ ಕೊಡುತ್ತಿದ್ದೇನೆ.

"ಮಾನ್ಯ ಗ್ರಾಹಕರೇ, ನಮ್ಮ ಅಂಗಡಿ ಮೂವತ್ತು ವರ್ಷಗಳಿಂದ ಗುಣಮಟ್ಟಕ್ಕೆ ಹೆಸರಾಗಿದೆ. ಗಣೇಶ ಹಬ್ಬಕ್ಕೆ ಆರ್ಡರ್ ಬಹಳ ಇದ್ದ ಕಾರಣ ಮತ್ತು ಮಳೆಯಿಂದಾಗಿ ಕೆಲಸದವರು ಬಾರದ ಕಾರಣ ಹೋಳಿಗೆಯನ್ನು ಹಿಂದಿನ ದಿನವೇ ಮಾಡಬೇಕಾಯಿತು. ತಲುಪಿದ ಕೂಡಲೇ ಡಬ್ಬಿ ತೆರೆದಿಟ್ಟಿದ್ದರೆ ಈ ತೊಂದರೆ ಆಗುತ್ತಿರಲಿಲ್ಲ. ಆದರೂ ನಿಮಗೆ ಬೇಸರವಾಗಿದ್ದರೆ ಕ್ಷಮೆ ಇರಲಿ. ಮುಂದಿನ ಖರೀದಿಗೆ ಶೇ 10 ರಿಯಾಯಿತಿ ಕೊಡುತ್ತೇವೆ. ನಿಮ್ಮ ಸಹಕಾರ ಸದಾ ಹೀಗೇ ಇರಲಿ."

ಮೇಲ್ನೋಟಕ್ಕೆ ಮರ್ಯಾದೆಯ ಪತ್ರವೇ. ಬೈಗುಳ ಇಲ್ಲ, ಕ್ಷಮೆ ಎಂಬ ಮಾತೂ ಇದೆ. ಆದರೆ ಓದಿದ ಗ್ರಾಹಕಿಗೆ ಸಿಟ್ಟು ಇನ್ನೂ ಜಾಸ್ತಿ ಆಗುತ್ತದೆ. ಯಾಕೆ ಅಂತ ಹುಡುಕುವುದೇ ತಿದ್ದುವವರ ಕೆಲಸ.

ಪತ್ರಕ್ಕೂ ಮೊದಲು ಚೀಟಿ ನೋಡಿ

ಪತ್ರವನ್ನು ಪಕ್ಕಕ್ಕಿಡಿ. ಆರ್ಡರ್ ಚೀಟಿ, ಬಿಲ್ಲು, ಗ್ರಾಹಕಿ ಕಳಿಸಿದ ಮೆಸೇಜು, ಇವನ್ನು ಮೊದಲು ಓದಿ. ಪತ್ರ ಮೊದಲು ಓದಿದರೆ ಅಂಗಡಿಯವರ ಕಥೆಯೇ ತಲೆಯಲ್ಲಿ ಕೂತುಬಿಡುತ್ತದೆ. ಆಮೇಲೆ ಅದರಲ್ಲಿ ಏನು ಬಿಟ್ಟುಹೋಗಿದೆ ಎಂದು ಕಾಣುವುದಿಲ್ಲ.

ಇಲ್ಲಿ ಚೀಟಿಯಲ್ಲಿ ಇದ್ದದ್ದು: 60 ಕಡಲೆಬೇಳೆ ಹೋಳಿಗೆ, ಒಂದಕ್ಕೆ 40 ರೂಪಾಯಿ, ಒಟ್ಟು 2,400. ಕೆಳಗೆ ಯಜಮಾನರದ್ದೇ ಕೈಬರಹ: "ಹಬ್ಬದ ಬೆಳಿಗ್ಗೆ ಮಾಡಿ ಕೊಡುವುದು." ಹೋಳಿಗೆ ಬೆಳಿಗ್ಗೆಯೇನೋ ಡೊಂಬಿವಲಿಗೆ ತಲುಪಿತು. ಆದರೆ ಮಾಡಿದ್ದು ಹಿಂದಿನ ಸಂಜೆ. ಬಿಸಿ ಆರುವ ಮೊದಲೇ ಪ್ಲಾಸ್ಟಿಕ್ ಡಬ್ಬಿಗೆ ತುಂಬಿ ಮುಚ್ಚಳ ಹಾಕಿದ್ದರು. ಮುಂಬೈಯ ಮಳೆಗಾಲದ ಸೆಕೆ ನಿಮಗೆ ಗೊತ್ತೇ ಇದೆ. ಮುಚ್ಚಳದ ಒಳಗೆ ಹಬೆ ನೀರಾಗಿ ಹನಿಯಿತು, ಹೂರಣ ರಾತ್ರಿಯೆಲ್ಲ ಬೆಚ್ಚಗೆ ಒದ್ದೆಯಾಗಿ ಕೂತಿತು. ಮಧ್ಯಾಹ್ನ ನೈವೇದ್ಯಕ್ಕೆ ಡಬ್ಬಿ ತೆರೆದಾಗ ಹುಳಿ ವಾಸನೆ. ಗ್ರಾಹಕಿ ಫೋನ್ ಮಾಡಿದರು. ಗಲ್ಲೆಯಲ್ಲಿದ್ದ ಹುಡುಗ, "ನೀವು ಫ್ರಿಜ್ಜಲ್ಲಿ ಇಡಬೇಕಿತ್ತು ಅಕ್ಕಾ" ಅಂದ.

ಈಗ ಯಜಮಾನರಿಗೆ ಒಂದೇ ಪ್ರಶ್ನೆ ಕೇಳಿ. ಇದು ಬಹಳ ಮುಖ್ಯ: "ಬೆಳಿಗ್ಗೆ ಮಾಡಲು ಆಗುವುದಿಲ್ಲ ಅಂತ ನಿಮಗೆ ಯಾವಾಗ ಗೊತ್ತಾಯಿತು?"

ಹಿಂದಿನ ದಿನ ಮಧ್ಯಾಹ್ನವೇ, ಅಂದರು. ಇಬ್ಬರು ಅಡುಗೆಯವರು ಬಂದಿರಲಿಲ್ಲ. ಗ್ರಾಹಕಿಯ ನಂಬರು ಚೀಟಿಯಲ್ಲೇ ಇತ್ತು. ಫೋನ್ ಮಾಡಲಿಲ್ಲ. ಮಾಡಿದರೆ ಆರ್ಡರ್ ಕ್ಯಾನ್ಸಲ್ ಆಗುತ್ತದೆ ಎಂಬ ಭಯ.

ನೋಡಿ, ಅಸಲಿ ತಪ್ಪು ಇಲ್ಲಿದೆ. ಹೋಳಿಗೆ ಹುಳಿಯಾದದ್ದು ಒಂದು ತಪ್ಪು. ಹೇಳದೆ ಕಳಿಸಿದ್ದು ಅದಕ್ಕಿಂತ ದೊಡ್ಡದು. ಮೊದಲೇ ಹೇಳಿದ್ದರೆ ಆಕೆ ಬೇರೆ ಏನಾದರೂ ಮಾಡಿಕೊಳ್ಳುತ್ತಿದ್ದರು. ಪತ್ರದಲ್ಲಿ ಆ ವಿಷಯದ ಸುಳಿವೇ ಇಲ್ಲ. ಇಂಥ ಪತ್ರಗಳಲ್ಲಿ ನಾನು ಮತ್ತೆ ಮತ್ತೆ ನೋಡುವುದು ಇದನ್ನೇ: ಸುಲಭದ ತಪ್ಪಿಗೆ ಕ್ಷಮೆ ಕೇಳುತ್ತಾರೆ, ಕಷ್ಟದ್ದನ್ನು ಬಿಡುತ್ತಾರೆ.

ಪೆನ್ಸಿಲ್ ಹಿಡಿದು ಓದಿ

ಈಗ ಪತ್ರ ತೆಗೆಯಿರಿ. ಪ್ರತಿ ವಾಕ್ಯದ ಪಕ್ಕದಲ್ಲಿ "ಯಾರು ಮಾಡಿದ್ದು?" ಎಂಬುದಕ್ಕೆ ಉತ್ತರ ಬರೆಯಿರಿ. "ಹಿಂದಿನ ದಿನವೇ ಮಾಡಬೇಕಾಯಿತು." ಯಾರು ಮಾಡಿದರು? ವಾಕ್ಯದಲ್ಲಿ ಯಾರೂ ಇಲ್ಲ. ಮಳೆ ಇದೆ, ಆರ್ಡರ್ ಇದೆ, ಬಾರದ ಕೆಲಸದವರಿದ್ದಾರೆ. ಅಂಗಡಿಯವರು ಮಾತ್ರ ಕಾಣೆ. ಆಗಿದೆ, ಆಯಿತು, ಮಾಡಬೇಕಾಯಿತು ಎಂದು ಮುಗಿಯುವ ವಾಕ್ಯಗಳಿಗೆ ಗೆರೆ ಎಳೆಯಿರಿ. ತಪ್ಪಿನ ಬಗ್ಗೆ ಹೇಳುವ ವಾಕ್ಯ ಹೀಗೆ ಮುಗಿದರೆ ಅದನ್ನು "ಮಾಡಿದೆವು", "ಹೇಳಲಿಲ್ಲ" ಎಂದು ಬದಲಿಸಿ. ತಮಾಷೆ ಏನೆಂದರೆ, ರಿಯಾಯಿತಿಯ ವಾಕ್ಯಕ್ಕೆ ಬಂದಾಗ ಮಾತ್ರ "ಕೊಡುತ್ತೇವೆ" ಎಂದು ಯಜಮಾನರು ಹಾಜರಾಗುತ್ತಾರೆ!

ಎರಡನೆಯದು, "ಬೇಸರವಾಗಿದ್ದರೆ". ಬೇಸರ ಆಗಿದೆ ಅಂತ ಆಕೆ ಫೋನಿನಲ್ಲೂ ಹೇಳಿದ್ದಾರೆ, ಮೆಸೇಜೂ ಹಾಕಿದ್ದಾರೆ. ಇನ್ನೂ "ಆಗಿದ್ದರೆ" ಅಂದರೆ ಅನುಮಾನ ಪಟ್ಟ ಹಾಗೆ. ಮೇಲಾಗಿ ಇಲ್ಲಿ ಕ್ಷಮೆ ಕೇಳುತ್ತಿರುವುದು ಆಕೆಯ ಬೇಸರಕ್ಕೆ, ಅಂಗಡಿಯ ತಪ್ಪಿಗಲ್ಲ. ಆ ವಾಕ್ಯ ಪೂರ್ತಿ ಹೊಡೆದುಹಾಕಿ.

ಡಬ್ಬಿ ತೆರೆದಿಡುವ ಸಲಹೆಯ ವಾಕ್ಯವನ್ನಂತೂ ಕೇಳುವುದೇ ಬೇಡ. ಗಲ್ಲೆಯ ಹುಡುಗ ಹೇಳಿದ್ದನ್ನೇ ಯಜಮಾನರು ಮರ್ಯಾದೆಯ ಭಾಷೆಯಲ್ಲಿ ಹೇಳಿದ್ದಾರೆ ಅಷ್ಟೆ. ತೆರೆದಿಡಬೇಕು ಎಂದು ಡಬ್ಬಿಯ ಮೇಲೆ ಚೀಟಿ ಅಂಟಿಸಿದ್ದರಾ? ಇಲ್ಲ. ತಲುಪುವ ಹೊತ್ತಿಗೇ ರಾತ್ರಿ ಕಳೆದಿತ್ತಲ್ವಾ?

ಮೂವತ್ತು ವರ್ಷದ ಹೆಸರಿನ ವಾಕ್ಯದ ಬಗ್ಗೆ ಯಜಮಾನರು ಬಹಳ ವಾದ ಮಾಡಿದರು. ಸುಳ್ಳಲ್ಲವಲ್ಲ ಸಾರ್, ಅಂದರು. ಸುಳ್ಳಲ್ಲ. ಆದರೆ ಆಕೆಯ ನೈವೇದ್ಯ ಕೆಟ್ಟ ದಿನ ಆ ಹೆಸರನ್ನು ನಾವೇ ಹೇಳಿಕೊಂಡರೆ, ನಿಮ್ಮ ದೂರು ನಂಬುವಂಥದ್ದಲ್ಲ ಎಂದು ಮೊದಲ ಸಾಲಿನಲ್ಲೇ ಹೇಳಿದಂತೆ. ಅದನ್ನೂ ತೆಗೆದೆವು.

ಕಾರಣ ಯಾವುದು, ನೆಪ ಯಾವುದು?

ಇಲ್ಲಿ ಸ್ವಲ್ಪ ನಿಧಾನ ಬೇಕು. ಕೆಲವರು ಎಲ್ಲ ಕಾರಣವನ್ನೂ ಹೊಡೆದುಹಾಕುತ್ತಾರೆ. ಅದೂ ಸರಿಯಲ್ಲ. ಏನಾಯಿತು ಎಂದು ತಿಳಿಯುವ ಹಕ್ಕು ಗ್ರಾಹಕಿಗೆ ಇದೆ. ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ರಾಯ್ ಲೆವಿಕಿ ಮತ್ತು ಜೊತೆಗಾರರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕ್ಷಮಾಪಣೆಯ ಆರು ಭಾಗಗಳನ್ನು ಪರೀಕ್ಷಿಸಿದ್ದರು. ಓದಿದವರ ಮೇಲೆ ಹೆಚ್ಚು ಪರಿಣಾಮ ಮಾಡಿದ್ದು ತಪ್ಪು ನಮ್ಮದು ಎಂದು ಒಪ್ಪುವುದು. ಅದರ ನಂತರ, ಹಾನಿ ಸರಿಪಡಿಸುತ್ತೇವೆ ಎನ್ನುವುದು. ಏನಾಯಿತೆಂಬ ವಿವರಣೆಗೂ ಬೆಲೆ ಇತ್ತು. ಎಲ್ಲಕ್ಕಿಂತ ಕಡಿಮೆ ಕೆಲಸ ಮಾಡಿದ್ದು "ದಯವಿಟ್ಟು ಕ್ಷಮಿಸಿ" ಎಂಬ ಬೇಡಿಕೆ. ಅಂದರೆ ನಮ್ಮ ಅಂಗಡಿಯವರು ಯಾವುದನ್ನು ಪತ್ರದ ಜೀವ ಅಂದುಕೊಂಡಿರುತ್ತಾರೋ ಅದು!

ಹಾಗಾದರೆ ಕಾರಣವನ್ನು ಇಡುವುದೋ ತೆಗೆಯುವುದೋ? ನಾನು ಎರಡು ಪ್ರಶ್ನೆ ಹಾಕುತ್ತೇನೆ. ಆ ಕಾರಣದಿಂದ ಅಂಗಡಿಯಲ್ಲಿ ಏನಾದರೂ ಬದಲಾಗುತ್ತದೆಯೇ? ಆ ಕಾರಣದ ನಂತರವೂ ಅಂಗಡಿಯವರ ಕೈಯಲ್ಲಿ ಬೇರೆ ದಾರಿ ಇತ್ತೇ?

ಮಳೆಯನ್ನು ತೆಗೆದುಕೊಳ್ಳಿ. ಮುಂಬೈಯಲ್ಲಿ ಗಣೇಶ ಹಬ್ಬದ ಹೊತ್ತಿಗೆ ಮಳೆ ಬರುವುದು ಹೊಸ ಸಂಗತಿಯೇ? ಮಳೆಯನ್ನು ಯಜಮಾನರು ಬದಲಿಸಲಾರರು. ಹಾಗಾಗಿ ಅದು ಪತ್ರದಲ್ಲಿ ಸುಮ್ನೆ ಕೂತಿದೆ. ತೆಗೆಯಿರಿ. ಇಬ್ಬರು ಅಡುಗೆಯವರು ಬಾರದ್ದು ಇರಲಿ, ಆದರೆ ಅದರ ಬೆನ್ನಿಗೇ "ಆಗ ನಿಮಗೆ ಫೋನ್ ಮಾಡಬೇಕಿತ್ತು, ಮಾಡಲಿಲ್ಲ" ಎಂದು ಬರಬೇಕು. ಬಿಸಿಬಿಸಿ ಡಬ್ಬಿಗೆ ತುಂಬಿದ್ದು ಮೂಲ ಪತ್ರದಲ್ಲಿ ಇರಲೇ ಇಲ್ಲ. ಅದನ್ನು ಸೇರಿಸಿ, ಯಾಕೆಂದರೆ ಅದನ್ನು ನಾಳೆಯಿಂದಲೇ ಬದಲಿಸಬಹುದು. ಕಾರಣ ಹೇಳಿ ಮುಗಿದ ಕೂಡಲೇ ಅಂಗಡಿಯ ತಪ್ಪು ಹಗುರವಾದಂತೆ ಅನ್ನಿಸಿದರೆ ಅದು ನೆಪ. ತಪ್ಪು ಇನ್ನೂ ಸ್ಪಷ್ಟವಾದರೆ ಅದು ಕಾರಣ.

ರಿಯಾಯಿತಿ ಯಾರಿಗೆ ಲಾಭ?

ಮುಂದಿನ ಖರೀದಿಗೆ ಶೇ 10 ಎಂದರೆ, ಕೆಟ್ಟ ಹೋಳಿಗೆಯ 2,400 ರೂಪಾಯಿ ಅಂಗಡಿಯಲ್ಲೇ ಉಳಿಯುತ್ತದೆ. ಮೇಲಿಂದ ಆಕೆ ಇನ್ನಷ್ಟು ಖರ್ಚು ಮಾಡಿದರೆ ಮಾತ್ರ ಏನೋ ಸಿಗುತ್ತದೆ. ಇದನ್ನು ಪರಿಹಾರ ಎನ್ನಲಾಗದು, ಇದು ವ್ಯಾಪಾರ.

ಕಾನೂನಿನ ಮಾತೂ ಇದೆ. ಗ್ರಾಹಕರ ರಕ್ಷಣಾ ಕಾಯ್ದೆ 2019ರ ಪ್ರಕಾರ ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ವಾಪಸ್ ತೆಗೆದುಕೊಂಡು ಹಣ ಹಿಂತಿರುಗಿಸಲು ಒಪ್ಪದಿರುವುದು ಅನುಚಿತ ವ್ಯಾಪಾರ ಪದ್ಧತಿ. ಹಾಗಾಗಿ ಹಣ ವಾಪಸ್ ಕೊಡುವುದನ್ನು ದೊಡ್ಡ ಉಪಕಾರದ ಧಾಟಿಯಲ್ಲಿ ಬರೆಯಬೇಡಿ. ಎಷ್ಟು, ಯಾವಾಗ, ಹೇಗೆ ಎಂದು ಮೂರೂ ಒಂದೇ ವಾಕ್ಯದಲ್ಲಿ ಇರಲಿ. ಪತ್ರ ಕಳಿಸುವ ಮೊದಲೇ ಹಣ ಹಾಕಿಬಿಟ್ಟರೆ ಇನ್ನೂ ಒಳ್ಳೆಯದು.

"ಲಿಖಿತವಾಗಿ ತಪ್ಪೊಪ್ಪಿಕೊಂಡರೆ ನಾಳೆ ಕೇಸ್ ಹಾಕಿದರೆ?" ಎಂದು ಯಜಮಾನರು ಕೇಳಿದರು. ಪ್ರಶ್ನೆ ಸರಿಯಾದದ್ದೇ. ಹುಳಿಯಾದ ಹೋಳಿಗೆ, ಕೊಟ್ಟ ಮಾತು, ಮಾಡದ ಫೋನು, ಇವು ಆಕೆಗೂ ಗೊತ್ತಿರುವ ಸಂಗತಿ. ಮುಚ್ಚಿಟ್ಟು ಲಾಭವಿಲ್ಲ. ಆದರೆ ತಿಂದವರಿಗೆ ಹುಷಾರು ತಪ್ಪಿದೆ ಎಂಬ ದೂರು ಇದ್ದರೆ ವಿಷಯ ಬೇರೆ. ಆಗ ಮೊದಲು ಫೋನ್ ಮಾಡಿ ವಿಚಾರಿಸಬೇಕು, ವಕೀಲರ ಸಲಹೆ ಪಡೆದು ಬರೆಯಬೇಕು. ಗೊತ್ತಿಲ್ಲದ್ದನ್ನು ಒಪ್ಪುವುದೂ ಬೇಡ, ಅಲ್ಲಗಳೆಯುವುದೂ ಬೇಡ.

ತಿದ್ದಿದ ಮೇಲೆ

"ನಮಸ್ಕಾರ ಅಮ್ಮ. ಹಬ್ಬದ ಬೆಳಿಗ್ಗೆ ಮಾಡಿ ಕೊಡುತ್ತೇನೆ ಎಂದು ಚೀಟಿಯಲ್ಲಿ ಬರೆದು, ಹಿಂದಿನ ಸಂಜೆ ಮಾಡಿದ ಹೋಳಿಗೆ ಕಳಿಸಿದೆ. ಇಬ್ಬರು ಅಡುಗೆಯವರು ಬರುವುದಿಲ್ಲ ಎಂದು ಮಧ್ಯಾಹ್ನವೇ ಗೊತ್ತಾಗಿತ್ತು. ನಿಮಗೆ ಫೋನ್ ಮಾಡಬೇಕಿತ್ತು, ಆರ್ಡರ್ ತಪ್ಪುತ್ತದೆ ಎಂದು ಮಾಡಲಿಲ್ಲ. ಬಿಸಿ ಆರುವ ಮೊದಲೇ ಡಬ್ಬಿಗೆ ತುಂಬಿದೆವು, ಅದರಿಂದ ಹೂರಣ ಹಳಸಿತು. ನೈವೇದ್ಯದ ಹೊತ್ತಿಗೆ, ಮನೆ ತುಂಬ ಜನ ಇರುವಾಗ, ನಿಮ್ಮ ಕೈ ಕಟ್ಟಿದಂತೆ ಮಾಡಿದೆವು. ನೀವು ಫೋನ್ ಮಾಡಿದಾಗ ನಮ್ಮ ಹುಡುಗ ನಿಮ್ಮದೇ ತಪ್ಪು ಎಂಬಂತೆ ಮಾತಾಡಿದ. ಅದಕ್ಕೂ ಹೊಣೆ ನನ್ನದೇ. ತಪ್ಪಾಯಿತು ಎನ್ನುವುದಿಲ್ಲ, ತಪ್ಪು ಮಾಡಿದೆ. ನಿಮ್ಮ 2,400 ರೂಪಾಯಿ ಇಂದು ನಿಮ್ಮ ಖಾತೆಗೆ ಹಾಕಿದ್ದೇನೆ. ಹೋಳಿಗೆಯನ್ನು ಬಿಸಿ ಆರಿದ ಮೇಲೆಯೇ ಕಟ್ಟುತ್ತೇವೆ, ಮಾಡಿದ ದಿನ ಮತ್ತು ಹೊತ್ತನ್ನು ಡಬ್ಬಿಯ ಮೇಲೆ ಬರೆಯುತ್ತೇವೆ."

ಉದ್ದ ಸ್ವಲ್ಪ ಜಾಸ್ತಿಯಾಗಿದೆ, ನಿಜ. ಆದರೆ ಪ್ರತಿ ವಾಕ್ಯವೂ ಒಂದು ಸಂಗತಿ ಹೇಳುತ್ತದೆ. "ಇನ್ನು ಮುಂದೆ ಹೀಗಾಗುವುದಿಲ್ಲ" ಎಂದು ಬರೆದಿಲ್ಲ, ಗಮನಿಸಿ. ಅದನ್ನು ಯಾರೂ ಪರೀಕ್ಷಿಸಲಾಗದು. ಡಬ್ಬಿಯ ಮೇಲೆ ಹೊತ್ತು ಬರೆದಿದೆಯೋ ಇಲ್ಲವೋ ಎಂದು ಯಾರು ಬೇಕಾದರೂ ನೋಡಬಹುದು.

"ನಾವು ಪಾಪಿಗಳು, ಮುಖ ತೋರಿಸಲು ನಾಚಿಕೆ" ಎಂಬಂಥ ಸಾಲು ಸೇರಿಸಲೇ ಎಂದು ಯಜಮಾನರು ಕೇಳಿದ್ದಕ್ಕೆ ನಾನು ಬೇಡ ಎಂದೆ. ಅಷ್ಟು ಅತಿಯಾದರೆ ಗ್ರಾಹಕಿಯೇ "ಪರವಾಗಿಲ್ಲ ಬಿಡಿ" ಎಂದು ಸಮಾಧಾನ ಮಾಡಬೇಕಾಗುತ್ತದೆ.

ಕೊನೆಗೆ, ಅಂಗಡಿಗೆ ಸಂಬಂಧವಿಲ್ಲದ ಒಬ್ಬರಿಂದ ಜೋರಾಗಿ ಓದಿಸಿ. ಓದಿದವರು "ಹಾಗಾದರೆ ಏನಾಯಿತು?" ಎಂದು ಕೇಳಿದರೆ ಯಾವುದೋ ಸಂಗತಿ ಇನ್ನೂ ಅಡಗಿದೆ. ಪತ್ರ ಕಳಿಸಿದ ಮೇಲೆ ಗಲ್ಲೆಯ ಹುಡುಗನಿಗೂ ಅದರ ಒಂದು ಪ್ರತಿ ತೋರಿಸಿ. ಆಕೆ ಮತ್ತೆ ಫೋನ್ ಮಾಡಿದರೆ ಎತ್ತುವವನು ಅವನೇ.