15ಕ್ಕೆ ಕಳಿಸುತ್ತೇನೆ ಅಂದಿದ್ದೆ, 11ಕ್ಕೆ ಮಳೆ ಹಿಡಿಯಿತು

ನಾವು ಶಿರಸಿ ಹತ್ತಿರದ ಹಳ್ಳಿಯವರು. ಏಪ್ರಿಲ್, ಮೇ ತಿಂಗಳಲ್ಲಿ ನಾನು, ಅತ್ತೆ, ಪಕ್ಕದ ಮನೆಯ ಇಬ್ಬರು ಅಕ್ಕಂದಿರು ಸೇರಿ ಹಲಸಿನಕಾಯಿ ಹಪ್ಪಳ ಮಾಡಿ ಮಾರುತ್ತೇವೆ. 25 ಹಪ್ಪಳಕ್ಕೆ ಒಂದು ಕಟ್ಟು. ಆರ್ಡರ್ ವಾಟ್ಸಾಪಿನಲ್ಲಿ ಬರುತ್ತದೆ, ದುಡ್ಡು ಮೊದಲೇ ಯುಪಿಐನಲ್ಲಿ ಬರುತ್ತದೆ, ಮಾಲು ಸ್ಪೀಡ್ ಪೋಸ್ಟಿನಲ್ಲಿ ಹೋಗುತ್ತದೆ. ಮುಖ ನೋಡದ ಜನ ದುಡ್ಡು ಹಾಕಿ ಕಾಯುತ್ತಾರೆ. ಹೇಳಿದ ದಿನ ಮಾಲು ಹೋಗದಿದ್ದರೆ ಅವರ ಕೈಯಲ್ಲಿ ನನ್ನ ಮೆಸೇಜ್ ಬಿಟ್ಟರೆ ಬೇರೇನೂ ಇರುವುದಿಲ್ಲ.

ಮೊದಲ ವರ್ಷ ಇದನ್ನು ಕೆಡಿಸಿದ್ದೆ. ಮಳೆ ಬಂದು ಹಪ್ಪಳ ಒಣಗಲಿಲ್ಲ. ಇವತ್ತು ಬಿಸಿಲು ಬರಬಹುದು, ನಾಳೆ ಬರಬಹುದು ಅಂತ ಸುಮ್ಮನಿದ್ದೆ. ಕಳಿಸಬೇಕಾದ ದಿನ ದಾಟಿ ಎರಡು ದಿನವಾದ ಮೇಲೆ, ಗ್ರಾಹಕರೇ ಕೇಳಿದಾಗ, ‘ಕಾರಣಾಂತರಗಳಿಂದ ಸ್ವಲ್ಪ ತಡವಾಗುತ್ತಿದೆ, ದಯವಿಟ್ಟು ಸಹಕರಿಸಿ’ ಅಂತ ಬರೆದೆ. ಯಾವಾಗ ಅಂತ ಕೇಳಿದರು. ‘ನಾಡಿದ್ದು’ ಅಂದೆ. ನಾಡಿದ್ದೂ ಆಗಲಿಲ್ಲ. 20 ಆರ್ಡರಿನಲ್ಲಿ 9 ಜನ ದುಡ್ಡು ವಾಪಸ್ ಕೇಳಿದರು. ಅವರಲ್ಲಿ ಒಬ್ಬರೂ ಮೊದಲ ಸಲ ತಡ ಅಂದಾಗ ಕೇಳಿರಲಿಲ್ಲ. ಎರಡನೇ ತಾರೀಕೂ ತಪ್ಪಿದ ಮೇಲೆಯೇ ಕೇಳಿದ್ದು. ಆಮೇಲೆ ಒಬ್ಬೊಬ್ಬರ ಜೊತೆಗಿನ ಮಾತುಕತೆಯನ್ನು ಮತ್ತೆ ಓದಿದಾಗ ಇದು ಕಣ್ಣಿಗೆ ಬಿತ್ತು.

ಮರುವರ್ಷವೂ ಹಾಗೇ ಆಯಿತು. ಮೇ 15ಕ್ಕೆ ಕಳಿಸುತ್ತೇನೆ ಎಂದು 31 ಜನರಿಗೆ ಹೇಳಿದ್ದೆ, ಒಟ್ಟು 90 ಕಟ್ಟು. 11ನೇ ತಾರೀಕು ಕೃತ್ತಿಕಾ ಮಳೆ ಹಿಡಿಯಿತು. 12ರ ಸಂಜೆ ಲೆಕ್ಕ ಹಾಕಿದಾಗ 38 ಕಟ್ಟು ಪೂರ್ತಿ ಒಣಗಿತ್ತು. ಇಪ್ಪತ್ತು ಕಟ್ಟಿನಷ್ಟು ಅರೆ ಒಣಗಿ, ಒಳಮನೆಯಲ್ಲಿ ಚಾಪೆ ಮೇಲೆ ಫ್ಯಾನಿನ ಕೆಳಗಿತ್ತು. ಉಳಿದದ್ದನ್ನು ಇನ್ನೂ ಮಾಡಿಯೇ ಇರಲಿಲ್ಲ. ತೊಳೆ ಬಿಡಿಸುವುದೇ ಬಾಕಿ.

ಅರೆ ಒಣಗಿದ್ದನ್ನು ಹಾಗೇ ಕಟ್ಟಿ ಕಳಿಸಿದರೆ ಏನಾಗುತ್ತದೆ ಅಂತ ಗೊತ್ತಿತ್ತು. ಒಣಗಿದ ಹಪ್ಪಳ ಮುರಿದರೆ ‘ಟಕ್’ ಅನ್ನಬೇಕು. ಬಗ್ಗಿದರೆ ಒಳಗೆ ಪಸೆ ಇದೆ ಅಂತ ಅರ್ಥ. ಅದನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿದರೆ ದಾರಿಯಲ್ಲೇ ಬೆವತು ಬೂಸ್ಟು ಹಿಡಿಯುತ್ತದೆ. ತಾರೀಕು ಉಳಿಸಿಕೊಳ್ಳಲು ಹೋಗಿ ಮಾಲು ಕೆಡಿಸುವ ಪ್ರಶ್ನೆಯೇ ಇರಲಿಲ್ಲ.

ಮೆಸೇಜ್ ಬರೆಯುವ ಮೊದಲು ಮಾಡಿದ ಕೆಲಸ ಒಂದೇ. ಪಕ್ಕದ ಮನೆಯವರ ಅಡಿಕೆ ಡ್ರೈಯರ್ ಯಾವಾಗ ಖಾಲಿ ಇರುತ್ತದೆ ಅಂತ ಕೇಳಿಕೊಂಡು ಬಂದೆ. ಅದು ಕಟ್ಟಿಗೆ ಉರಿಸಿ ನಡೆಸುವ ಡ್ರೈಯರ್, ಹೊಗೆ ಕೊಳವೆಯಲ್ಲಿ ಹೊರಗೆ ಹೋಗುತ್ತದೆ. ಮಳೆ ಬಂದರೆ ಕರೆಂಟು ಹೋಗುವ ಊರು ನಮ್ಮದು, ಫ್ಯಾನ್ ನಂಬಿ ತಾರೀಕು ಕೊಡುವಂತಿರಲಿಲ್ಲ. 14ರಿಂದ ಖಾಲಿ ಅಂದರು. ಅರೆ ಒಣಗಿದ್ದು ಒಂದು ಸಲ, ಹೊಸದಾಗಿ ಒತ್ತಿದ್ದು ಎರಡು ಸಲ, 19ರ ಹೊತ್ತಿಗೆ ಮುಗಿಯುತ್ತದೆ. ಆರಿಸಿ ಕಟ್ಟಲು ಒಂದು ದಿನ, 20. ಅದಕ್ಕೆ ಎರಡು ದಿನ ಸೇರಿಸಿ 22 ಅಂದುಕೊಂಡೆ.

ಆ ಎರಡು ದಿನ ಸೇರಿಸುವಾಗ ಮನಸ್ಸು ಒಪ್ಪುತ್ತಿರಲಿಲ್ಲ. 20 ಅಂದರೆ ಗ್ರಾಹಕರಿಗೆ ಸಮಾಧಾನ ಆಗುತ್ತೆ, ಅಲ್ವಾ ಅನ್ನಿಸುತ್ತಿತ್ತು. ಆದರೆ ಹಿಂದಿನ ವರ್ಷದ ‘ನಾಡಿದ್ದು’ ನೆನಪಿತ್ತು. 15 ಹೋಗಿ 20 ಆದರೂ, 22 ಆದರೂ ಕಾಯುವವರು ಕಾಯುತ್ತಾರೆ. 20 ಹೋಗಿ 21 ಆದರೆ ಕಾಯುವುದಿಲ್ಲ. ಇನ್ನೊಂದು ಮಾತು. ‘ಬಿಸಿಲು ಬಂದ ಕೂಡಲೇ’ ಅಂತ ನಾನು ಎಲ್ಲೂ ಬರೆಯಲಿಲ್ಲ. ಬಿಸಿಲು ನನ್ನ ಕೈಯಲ್ಲಿಲ್ಲ, ಡ್ರೈಯರಿನ ಸರದಿ ನನ್ನ ಕೈಯಲ್ಲಿದೆ. ಕೈಯಲ್ಲಿರುವುದರ ಮೇಲೆ ತಾರೀಕು ನಿಲ್ಲಿಸಿದೆ.

ಆಮೇಲೆ ನೋಟ್‌ಬುಕ್ ತೆಗೆದು ಆರ್ಡರುಗಳನ್ನು ನೋಡಿದೆ. ನಾಲ್ಕು ಜನರಿಗೆ ದಿನದ ಹಂಗು ಇತ್ತು. ಒಬ್ಬರ ಮಗಳು 20ಕ್ಕೆ ಅಮೆರಿಕಕ್ಕೆ ಹೊರಟಿದ್ದಳು, ಇನ್ನೊಬ್ಬರ ಮನೆಯಲ್ಲಿ ಉಪನಯನ. ಅವರ 14 ಕಟ್ಟನ್ನು ಒಣಗಿದ್ದರಿಂದಲೇ ಎತ್ತಿಟ್ಟು, ಹೇಳಿದ ದಿನವೇ ಕಳಿಸುವುದು ಅಂತ ತೀರ್ಮಾನಿಸಿದೆ. ಅವರಿಗೆ ತಡದ ಮೆಸೇಜೇ ಹೋಗಲಿಲ್ಲ. ಉಳಿದ 24 ಕಟ್ಟು, ಸ್ವಲ್ಪವಾದರೂ ಈಗಲೇ ಬೇಕು ಎನ್ನುವವರಿಗೆ. ಇದನ್ನು ಮೊದಲೇ ಲೆಕ್ಕ ಹಾಕಿಕೊಂಡಿದ್ದರಿಂದ ಮೆಸೇಜಿನಲ್ಲಿ ಧೈರ್ಯವಾಗಿ ಬರೆಯಲು ಆಯಿತು. ಇಲ್ಲದ ಮಾಲನ್ನು ಕೊಡುತ್ತೇನೆ ಅಂದುಬಿಟ್ಟರೆ ಅದು ಇನ್ನೊಂದು ತಪ್ಪಿದ ಮಾತಾಗುತ್ತದೆ.

12ರ ರಾತ್ರಿ ಉಳಿದ 27 ಜನರಿಗೆ ಕಳಿಸಿದ ಮೆಸೇಜ್ ಇದು. ನಾಲ್ಕು ಕಟ್ಟು ಹೇಳಿದ್ದ ಮೈಸೂರಿನವರಿಗೆ ಹೋದದ್ದನ್ನು ಕೊಡುತ್ತಿದ್ದೇನೆ:

‘ನಮಸ್ಕಾರ ಸರ್. ನಿಮ್ಮ 4 ಕಟ್ಟು ಹಲಸಿನ ಹಪ್ಪಳ 15ಕ್ಕೆ ಕಳಿಸುತ್ತೇನೆ ಎಂದಿದ್ದೆ. ಆಗುತ್ತಿಲ್ಲ. 22ನೇ ತಾರೀಕು ಪೋಸ್ಟ್ ಮಾಡುತ್ತೇನೆ.

ನಿನ್ನೆಯಿಂದ ಇಲ್ಲಿ ಮಳೆ. ಹಪ್ಪಳ ಅರ್ಧ ಒಣಗಿದೆ, ಹೀಗೇ ಕಳಿಸಿದರೆ ನಿಮ್ಮ ಮನೆ ಸೇರುವಷ್ಟರಲ್ಲಿ ಬೂಸ್ಟು ಬರುತ್ತದೆ. 14ರಿಂದ ಅಡಿಕೆ ಡ್ರೈಯರಿನಲ್ಲಿ ಒಣಗಿಸುತ್ತೇವೆ. ಬಿಸಿಲಿನದಕ್ಕಿಂತ ಬಣ್ಣ ಸ್ವಲ್ಪ ಕಂದು ಬರಬಹುದು.

ಈಗಲೇ ಬೇಕಿದ್ದರೆ ಒಣಗಿದ 2 ಕಟ್ಟು 15ಕ್ಕೇ ಕಳಿಸುತ್ತೇನೆ, ಉಳಿದ 2 ಕಟ್ಟು 22ಕ್ಕೆ. ಎರಡನೇ ಸಲದ ಪೋಸ್ಟ್ ಖರ್ಚು ನನ್ನದು. ಕಾಯಲು ಆಗದಿದ್ದರೆ ಹೇಳಿ, ಪೂರ್ತಿ ದುಡ್ಡು ಅವತ್ತೇ ವಾಪಸ್ ಹಾಕುತ್ತೇನೆ. ಏನೂ ಹೇಳದಿದ್ದರೆ 22ಕ್ಕೆ ನಾಲ್ಕೂ ಸೇರಿಸಿ ಕಳಿಸುತ್ತೇನೆ.

18ಕ್ಕೆ ಕೆಲಸ ಎಲ್ಲಿಗೆ ಬಂತು ಅಂತ ನಾನೇ ತಿಳಿಸುತ್ತೇನೆ.’

ಇದರ ಜೊತೆ ಒಂದೇ ಫೋಟೋ. ಚಾಪೆ ಮೇಲಿನ ಹಪ್ಪಳ, ಹಿಂದೆ ಕಿಟಕಿಯಲ್ಲಿ ಸುರಿಯುವ ಮಳೆ. ಅವತ್ತೇ ತೆಗೆದದ್ದು.

ತಡ ಎನ್ನುವುದನ್ನೂ ಹೊಸ ತಾರೀಕನ್ನೂ ಮೊದಲಿಗೇ ಇಟ್ಟದ್ದು ಬೇಕೆಂತಲೇ. ನೋಟಿಫಿಕೇಶನ್ನಿನಲ್ಲಿ ಕಾಣುವುದೇ ಮೊದಲ ಒಂದೆರಡು ಸಾಲು. ಅಲ್ಲಿ ಬರೀ ಮಳೆಯ ಕತೆ ಕಂಡರೆ ‘ಓ, ನೆಪ ಶುರುವಾಯಿತು’ ಅನ್ನಿಸುತ್ತದೆ. ನನಗೂ ಬೇರೆಯವರಿಂದ ಏನಾದರೂ ತರಿಸುವಾಗ ಹಾಗೇ ಅನ್ನಿಸುತ್ತದೆ. ಬಣ್ಣದ ವಿಷಯವನ್ನು ಬಿಡೋಣ ಅಂತ ಅತ್ತೆ ಹೇಳಿದ್ದರು. ನಾನು ಬಿಡಲಿಲ್ಲ. ಪೆಟ್ಟಿಗೆ ಬಿಚ್ಚಿದಾಗ ಗೊತ್ತಾಗುವುದಕ್ಕಿಂತ ಈಗ ಗೊತ್ತಾಗುವುದು ಒಳ್ಳೆಯದು.

ದುಡ್ಡು ವಾಪಸ್ ಎನ್ನುವ ಸಾಲನ್ನು ಬರೆಯಲು ಕೈ ತಡೆಯಿತು. ನಾವೇ ನೆನಪಿಸಿದಂತಾಗುವುದಿಲ್ಲವೇ ಅಂತ. ಆದರೆ ಕಾಯಲು ಆಗದವರು ಹೇಗಿದ್ದರೂ ಕೇಳಿಯೇ ಕೇಳುತ್ತಾರೆ. ಆ ಸಾಲು ಇದ್ದರೆ ಉಳಿದವರಿಗೆ ದುಡ್ಡು ಎಲ್ಲೂ ಹೋಗಿಲ್ಲ ಅನ್ನಿಸುತ್ತದೆ. ದರ ಮಾತ್ರ ಇಳಿಸಲಿಲ್ಲ. ಕೇಳುವ ಮೊದಲೇ ರಿಯಾಯಿತಿ ಅಂದರೆ ಮಾಲಿನಲ್ಲೇ ಏನೋ ಕೊರತೆ ಇದೆ ಅನ್ನುವ ಅನುಮಾನ ಬರುತ್ತದೆ. ಏನಾದರೂ ಕೊಡಬೇಕು ಅನ್ನಿಸಿದರೆ ಪೆಟ್ಟಿಗೆಯಲ್ಲಿ ಇಡಬೇಕು, ಮೆಸೇಜಿನಲ್ಲಿ ಹೇಳಬಾರದು. ನಾನು ಐದೈದು ಹಪ್ಪಳ ಜಾಸ್ತಿ ಇಟ್ಟೆ.

ಕಳಿಸುವ ರೀತಿಯಲ್ಲಿ ಒಂದು ತಪ್ಪು ಮಾಡಿದೆ. ಎರಡು ಕಟ್ಟಿಗಿಂತ ಜಾಸ್ತಿ ಹೇಳಿದ್ದ 18 ಜನರಿಗೆ ಹೆಸರು, ಕಟ್ಟಿನ ಲೆಕ್ಕ ಬದಲಿಸಿ ಒಬ್ಬೊಬ್ಬರಿಗೇ ಕಳಿಸಿದೆ. ಉಳಿದ 9 ಜನರದ್ದು ಒಂದೊಂದೇ ಕಟ್ಟು, ಅರ್ಧ ಈಗ, ಅರ್ಧ ಆಮೇಲೆ ಅನ್ನುವ ಮಾತು ಅವರಿಗಿಲ್ಲ. ಹಾಗಾಗಿ ಅವರಿಗೆ ಬ್ರಾಡ್‌ಕಾಸ್ಟ್ ಲಿಸ್ಟಿನಲ್ಲಿ ಒಂದೇ ಸಲ ಹಾಕಿದೆ. ಬ್ರಾಡ್‌ಕಾಸ್ಟ್ ಮೆಸೇಜ್ ನಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಮರುದಿನ ನೋಡಿದರೆ ಐದು ಜನರಿಗೆ ಹೋಗಿಯೇ ಇಲ್ಲ, ಒಂದೇ ಟಿಕ್. ಕೂಡಲೇ ಬೇರೆ ಬೇರೆಯಾಗಿ ಟೈಪ್ ಮಾಡಿ ಕಳಿಸಿದೆ. ವಾಟ್ಸಾಪ್ ಅಷ್ಟಾಗಿ ನೋಡದ ಇಬ್ಬರು ಹಿರಿಯರಿಗೆ ಫೋನ್ ಮಾಡಿದೆ.

ಉತ್ತರಗಳಲ್ಲಿ ಹೆಚ್ಚಿನವು ‘ಸರಿ’, ‘ಪರವಾಗಿಲ್ಲ’. ಏಳು ಜನ ಅರ್ಧ ಈಗ ಕಳಿಸಿ ಅಂದರು. ಇಬ್ಬರು ದುಡ್ಡು ವಾಪಸ್ ಕೇಳಿದರು. ಯಾಕೆ ಅಂತ ಕೇಳದೆ ಹತ್ತು ನಿಮಿಷದಲ್ಲಿ ಹಾಕಿ, ಯುಟಿಆರ್ ನಂಬರ್ ಕಾಣುವ ಸ್ಕ್ರೀನ್‌ಶಾಟ್ ಕಳಿಸಿದೆ. ಮೈಸೂರಿನ ಸರ್ ಮಾತ್ರ ಸಿಟ್ಟಾದರು. ‘ಎಲ್ಲರೂ ಹೀಗೇ ಹೇಳೋದು ತಂಗಿ. ದುಡ್ಡು ತಗೊಂಡ ಮೇಲೆ ಮಳೆ ಬರುತ್ತೆ’ ಅಂತ ಬರೆದರು. ನಾನು ಮಳೆಯ ಬಗ್ಗೆ ವಾದ ಮಾಡಲಿಲ್ಲ. ‘ನಿಮಗೆ ಬೇಸರ ಆಗಿದ್ದು ಸರಿ ಸರ್. ದುಡ್ಡು ಈಗಲೇ ಹಾಕಲಾ, ಅಥವಾ 18ರ ತನಕ ನೋಡುತ್ತೀರಾ?’ ಅಂತಷ್ಟೇ ಕೇಳಿದೆ. ಗಂಟೆಯಾದ ಮೇಲೆ ‘18 ನೋಡೋಣ’ ಅಂದರು.

ಆ 18 ಬಹಳ ಮುಖ್ಯವಾಯಿತು. ಅವತ್ತು ಮೂರು ಸಾಲು ಬರೆದೆ: ಎರಡು ಸಲ ಒಣಗಿಸಿ ಆಯಿತು, ಇನ್ನೊಂದು ಬಾಕಿ, 22 ಹಾಗೇ ಇದೆ. ಅರೆ ಒಣಗಿದ್ದರಲ್ಲಿ ಎರಡು ಕಟ್ಟಿನಷ್ಟಕ್ಕೆ ಬೂಸ್ಟು ಬಂದಿತ್ತು, ಎಸೆದೆವು ಅಂತಲೂ ಬರೆದೆ. ಹಪ್ಪಳ ಮುರಿಯುವ ಹತ್ತು ಸೆಕೆಂಡಿನ ವಿಡಿಯೋ ಹಾಕಿದೆ, ಟಕ್ ಅನ್ನುವ ಸದ್ದು ಕೇಳುವ ಹಾಗೆ. 13ರಿಂದ 18ರ ತನಕ ‘ಏನಾಯಿತು’ ಅಂತ ಕೇಳಿದವರು ಒಬ್ಬರೇ. ಮುಂದೆ ಯಾವತ್ತು ತಿಳಿಸುತ್ತೇನೆ ಅಂತ ಮೊದಲೇ ಹೇಳಿದ್ದಕ್ಕೆ ಉಳಿದವರು ಕೇಳಲಿಲ್ಲ ಅಂತ ನನ್ನ ನಂಬಿಕೆ.

21ಕ್ಕೇ ಎಲ್ಲ ಕಟ್ಟಿ ಪೋಸ್ಟ್ ಆಫೀಸಿಗೆ ಒಯ್ದೆ. ಟ್ರ್ಯಾಕಿಂಗ್ ನಂಬರನ್ನು ಕೌಂಟರಿನಲ್ಲಿ ರಸೀದಿ ಕೈಗೆ ಬಂದ ಮೇಲೆಯೇ ಕಳಿಸಿದೆ, ರಸೀದಿಯ ಫೋಟೋ ಸಮೇತ. ‘ಇವತ್ತು ಕಳಿಸಿದೆ’ ಅಂತ ಮೆಸೇಜ್ ಮಾಡಿ ಪೆಟ್ಟಿಗೆ ಮನೆಯಲ್ಲೇ ಇಟ್ಟುಕೊಳ್ಳುವುದನ್ನು ಕೆಲವರು ಮಾಡುತ್ತಾರೆ. ಗ್ರಾಹಕರು ನಂಬರ್ ಹಾಕಿ ನೋಡಿದಾಗ ಏನೂ ಕಾಣುವುದಿಲ್ಲ. ಅಲ್ಲಿಯವರೆಗೆ ಉಳಿಸಿಕೊಂಡದ್ದೆಲ್ಲ ಅಲ್ಲಿ ಹೋಗುತ್ತದೆ.

ಇದು ಎಲ್ಲ ತಡಕ್ಕೂ ಆಗುವುದಿಲ್ಲ. ಡ್ರೈಯರ್ ಸಿಗದೆ, ನನಗೇ ಯಾವ ತಾರೀಕೂ ಗೊತ್ತಿಲ್ಲದಿದ್ದರೆ 22 ಅಂತ ಬರೆಯುತ್ತಿರಲಿಲ್ಲ. ಎಲ್ಲರ ದುಡ್ಡೂ ವಾಪಸ್ ಹಾಕಿ, ಒಣಗಿದ ಮೇಲೆ ಮೊದಲು ನಿಮಗೇ ಹೇಳುತ್ತೇನೆ ಅನ್ನುತ್ತಿದ್ದೆ.

ಈಗ ಆರ್ಡರ್ ತೆಗೆದುಕೊಳ್ಳುವಾಗಲೇ ಒಂದು ಸಾಲು ಸೇರಿಸುತ್ತೇನೆ: ‘15ಕ್ಕೆ ಕಳಿಸುತ್ತೇನೆ. ಮಳೆ ಹಿಡಿದರೆ ಒಂದು ವಾರ ಆಚೆ ಹೋಗಬಹುದು, ಹೋದರೆ 12ರೊಳಗೆ ತಿಳಿಸುತ್ತೇನೆ. ಮಗಳ ಪ್ರಯಾಣ, ಸಮಾರಂಭ ಏನಾದರೂ ಇದ್ದರೆ ಈಗಲೇ ಹೇಳಿ, ನಿಮ್ಮದನ್ನು ಮೊದಲು ಒಣಗಿಸುತ್ತೇವೆ.’ ಮೈಸೂರಿನ ಸರ್ ಈ ಸಲ ಆರು ಕಟ್ಟು ಹೇಳಿದ್ದಾರೆ. ಜೊತೆಗೆ ‘ಡ್ರೈಯರಿಂದೇ ಆದರೂ ಆಗುತ್ತೆ’ ಅಂತ ಬರೆದಿದ್ದಾರೆ.