ತೆರೆದ ಜಾಡಿಗೆ ನೀರು ಸೇರಬಾರದು: ಕೆಚಪ್, ಜಾಮ್, ಉಪ್ಪಿನಕಾಯಿ ಕಾಪಾಡಿದ ನನ್ನ ಅನುಭವ

ಮಣಿಪಾಲದ ಹತ್ತಿರದ ನಮ್ಮ ಮನೆಯಲ್ಲಿ ಆರು ಮಂದಿ ಕಾಲೇಜು ಹುಡುಗರಿಗೆ ಊಟ ತಿಂಡಿ ಹಾಕುತ್ತೇನೆ. ಹಾಗಾಗಿ ಕೆಚಪ್, ಜಾಮ್, ಉಪ್ಪಿನಕಾಯಿ ಎಲ್ಲ ಒಂದು ಕಿಲೋ ಬಾಟಲಿಯಲ್ಲೇ ತರುವುದು. ಮೊದಲ ವರ್ಷ ಮಳೆಗಾಲದಲ್ಲಿ ಅರ್ಧಕ್ಕರ್ಧ ಎಸೆದೆ. ಅಂಗಡಿಯವರು ಹಳೆ ಮಾಲು ಕೊಟ್ಟರು ಅಂತ ಬೇಜಾರು ಮಾಡಿಕೊಂಡಿದ್ದೆ. ಆಮೇಲೆ ಒಂದೊಂದೇ ಬಾಟಲಿಯನ್ನು ಸರಿಯಾಗಿ ನೋಡುತ್ತಾ ಬಂದ ಹಾಗೆ ಗೊತ್ತಾಯಿತು, ಹೆಚ್ಚಿನವು ಹಾಳಾದದ್ದು ನಮ್ಮ ಮೇಜಿನ ಮೇಲೆಯೇ. ನೀರು ಸೇರಿ.

ಜಾಮಿನಿಂದ ಶುರು ಮಾಡುತ್ತೇನೆ, ಅದರಲ್ಲೇ ನನಗೆ ವಿಷಯ ಅರ್ಥವಾದದ್ದು. ನಮ್ಮ ದೇಶದ ನಿಯಮದ ಪ್ರಕಾರ ಜಾಮಿನಲ್ಲಿ ಕರಗಿದ ಪದಾರ್ಥ ಶೇ 65ಕ್ಕಿಂತ ಕಡಿಮೆ ಇರಬಾರದು. ಅದರಲ್ಲಿ ಹೆಚ್ಚಿನ ಪಾಲು ಸಕ್ಕರೆ. ಅಷ್ಟು ಸಕ್ಕರೆ ಇದ್ದರೆ ಅದು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಸೂಕ್ಷ್ಮಜೀವಿಗಳಿಗೆ ಬೇಕಾದ ನೀರು ಸಿಗುವುದಿಲ್ಲ. ಆದರೆ ಜಾಮಿನ ಮೇಲ್ಮೈ ಮೇಲೆ ನಾಲ್ಕು ಹನಿ ನೀರು ಬಿದ್ದರೆ ಅಷ್ಟು ಜಾಗದಲ್ಲಿ ಸಕ್ಕರೆ ತೆಳುವಾಗುತ್ತದೆ. ಬೂಸ್ಟು ಅಲ್ಲೇ ಹಿಡಿಯುತ್ತದೆ. ಕೆಳಗಿನ ಜಾಮ್ ಚೆನ್ನಾಗಿದ್ದರೂ ಪ್ರಯೋಜನವಿಲ್ಲ.

ಆ ನಾಲ್ಕು ಹನಿ ಎಲ್ಲಿಂದ ಬರುತ್ತದೆ? ಒದ್ದೆ ಚಮಚದಿಂದ ಅಂತ ಎಲ್ಲರಿಗೂ ಗೊತ್ತು. ನನಗೆ ತಡವಾಗಿ ಹೊಳೆದದ್ದು ಇನ್ನೊಂದು. ಬೆಳಿಗ್ಗೆ ತಿಂಡಿಗೆ ಫ್ರಿಜ್ಜಿನಿಂದ ಜಾಮ್ ಬಾಟಲಿ ತೆಗೆದು ಮುಚ್ಚಳ ಬಿಚ್ಚಿ ಮೇಜಿನ ಮೇಲಿಡುತ್ತಿದ್ದೆ. ಹುಡುಗರು ಒಬ್ಬೊಬ್ಬರಾಗಿ ಬಂದು ಮುಗಿಸುವಷ್ಟರಲ್ಲಿ ಒಂದೂವರೆ ಗಂಟೆ. ಜುಲೈ ತಿಂಗಳ ನಮ್ಮ ಕಡೆಯ ಗಾಳಿ ಹೇಗಿರುತ್ತದೆ ಅಂತ ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಆ ಹಸಿ ಗಾಳಿ ತಣ್ಣನೆಯ ಬಾಟಲಿಯೊಳಗೆ ಹೋಗಿ ಬೆವರಿನ ಹಾಗೆ ಹನಿಗಟ್ಟುತ್ತಿತ್ತು. ಅದರ ಮೇಲೆ ಮುಚ್ಚಳ ಹಾಕಿ ಮತ್ತೆ ಫ್ರಿಜ್ಜಿಗೆ. ಅಂದರೆ ದಿನಾ ಒಂದಷ್ಟು ನೀರನ್ನು ನಾನೇ ಒಳಗೆ ಹಾಕುತ್ತಿದ್ದೆ.

ಈಗ ಬೇಕಾದಷ್ಟು ಜಾಮನ್ನು ಒಣ ಚಮಚದಲ್ಲಿ ಬಟ್ಟಲಿಗೆ ತೆಗೆದು, ಬಾಟಲಿಯನ್ನು ಕೂಡಲೇ ಒಳಗೆ ಇಡುತ್ತೇನೆ. ಬಟ್ಟಲಿನಲ್ಲಿ ಉಳಿದದ್ದನ್ನು ವಾಪಸ್ ಬಾಟಲಿಗೆ ಹಾಕುವುದಿಲ್ಲ. ಬ್ರೆಡ್ಡಿನ ಚೂರು, ಬೆಣ್ಣೆ ತಾಗಿದ ಚಮಚವೂ ಬಾಟಲಿಗೆ ಇಳಿಯುವಂತಿಲ್ಲ.

ಜಾಮ್ ಕೆಟ್ಟಿದೆಯಾ ಅಂತ ನೋಡಲು ಮೊದಲು ಮುಚ್ಚಳದ ಒಳಬದಿ ನೋಡಿ. ಬೂಸ್ಟು ಎಷ್ಟೋ ಸಲ ಅಲ್ಲಿ, ಇಲ್ಲವೇ ಬಾಟಲಿಯ ಕುತ್ತಿಗೆಯಲ್ಲಿ ಅಂಟಿದ ಜಾಮಿನ ಮೇಲೆ ಮೊದಲು ಕಾಣುತ್ತದೆ. ಬಿಳಿ ಚುಕ್ಕಿ ಕಂಡರೆ ಒಂದು ಚೂರು ತೆಗೆದು ಬಿಸಿನೀರಿನಲ್ಲಿ ಹಾಕುತ್ತೇನೆ. ಸಕ್ಕರೆ ಹರಳಾದರೆ ಬೆರಳಿಗೆ ಗರಗರ ಸಿಗುತ್ತದೆ, ನೀರಿನಲ್ಲಿ ಕರಗುತ್ತದೆ. ಬೂಸ್ಟು ಹತ್ತಿಯ ಹಾಗೆ ಮೆತ್ತಗೆ, ಕರಗುವುದಿಲ್ಲ. ಒಬ್ಬ ಹುಡುಗ "ಆಂಟಿ, ಮೇಲಿಂದ ಸ್ವಲ್ಪ ತೆಗೆದು ಹಾಕಿದರೆ ಸಾಕಲ್ವಾ?" ಅಂತ ಕೇಳಿದ್ದ. ಸಾಲದು. ಜಾಮ್ ಮೆತ್ತಗಿನ ಪದಾರ್ಥ. ಕಣ್ಣಿಗೆ ಕಾಣುವುದು ಬೂಸ್ಟಿನ ಮೇಲಿನ ಭಾಗ ಮಾತ್ರ, ಎಳೆಗಳು ಕೆಳಗೆ ಇಳಿದಿರುತ್ತವೆ. ಕೆಲವು ಬೂಸ್ಟು ವಿಷವನ್ನೂ ಬಿಡುತ್ತವೆ. ಇಡೀ ಬಾಟಲಿಯನ್ನೇ ಎಸೆಯುತ್ತೇನೆ. ಸಕ್ಕರೆ ಕಡಿಮೆ ಇರುವ ಜಾಮಿಗೆ ಈ ರಕ್ಷಣೆಯೂ ಕಡಿಮೆ, ಅದನ್ನು ಚಿಕ್ಕ ಬಾಟಲಿಯಲ್ಲಿ ಮಾತ್ರ ತರುತ್ತೇನೆ.

ಕೆಚಪ್ ಹಾಳಾಗುವ ರೀತಿ ಬೇರೆ. ಅದರಲ್ಲಿ ಕರಗಿದ ಪದಾರ್ಥ ಶೇ 25 ಇದ್ದರೂ ನಿಯಮಕ್ಕೆ ಸಾಕು, ಅಂದರೆ ಜಾಮಿಗಿಂತ ತುಂಬಾ ನೀರು. ಅದನ್ನು ಕಾಯುವುದು ಮುಖ್ಯವಾಗಿ ವಿನೆಗರ್‌ನ ಹುಳಿ, ಜೊತೆಗೆ ಎಷ್ಟೋ ಬಾಟಲಿಗಳಲ್ಲಿ ಸೇರಿಸಿರುವ ಸಂರಕ್ಷಕ. ಒಂದು ಮೇ ತಿಂಗಳು ಬಾಟಲಿಯನ್ನು ಒಲೆಯ ಪಕ್ಕದ ಶೆಲ್ಫಿನಲ್ಲೇ ಬಿಟ್ಟಿದ್ದೆ. ಮೂರು ವಾರದ ಮೇಲೆ ಮುಚ್ಚಳ ತಿರುಗಿಸಿದಾಗ ಸೋಡಾ ತೆರೆದ ಹಾಗೆ ಟುಸ್ ಅಂದಿತು. ಕೆಚಪ್ ತಾನಾಗಿ ಮೇಲೆ ಉಕ್ಕಿತು, ಒಳಗೆಲ್ಲ ಸಣ್ಣ ಗುಳ್ಳೆ. ಕಳ್ಳಿನಂಥ ವಾಸನೆ. ಅದು ಹುದುಗಿತ್ತು. ಇಂಥದ್ದನ್ನು ರುಚಿ ನೋಡಲು ಹೋಗಬಾರದು, ಕುದಿಸಿ ಉಳಿಸಲೂ ಹೋಗಬಾರದು. ಪ್ಲಾಸ್ಟಿಕ್ ಬಾಟಲಿ ಉಬ್ಬಿದ್ದರೆ, ಗಾಜಿನದ್ದರ ಮುಚ್ಚಳ ಮೇಲೆ ಎದ್ದಿದ್ದರೆ ತೆರೆಯುವ ಗೋಜಿಗೇ ಹೋಗುವುದಿಲ್ಲ.

ಆದರೆ ಕೆಚಪ್ ಸುರಿಯುವಾಗ ಮೊದಲು ತೆಳು ನೀರು ಬಂದರೆ ಹೆದರಬೇಕಾಗಿಲ್ಲ. ಟೊಮೆಟೊ ತಿರುಳಿನಿಂದ ನೀರು ಬೇರೆಯಾಗಿದೆ ಅಷ್ಟೇ, ಚೆನ್ನಾಗಿ ಕುಲುಕಿದರೆ ಸೇರಿಕೊಳ್ಳುತ್ತದೆ. ಬಾಯಿಯಲ್ಲಿ ಒಣಗಿ ಕಪ್ಪಾದ ಕರೆಯೂ ಹೆಚ್ಚಾಗಿ ಗಾಳಿ ತಾಗಿದ್ದರಿಂದ ಆದದ್ದು. ಆದರೂ ಅದನ್ನು ಬಿಡುವುದಿಲ್ಲ, ವಾರಕ್ಕೊಮ್ಮೆ ಒರೆಸಿ ತೆಗೆಯುತ್ತೇನೆ. ಕೆಚಪ್ ಈಗ ಫ್ರಿಜ್ಜಿನ ಬಾಗಿಲಿನಲ್ಲಿ. ಮೆಣಸಿನಕಾಯಿ ಸಾಸ್, ಸೋಯಾ ಸಾಸ್ ಅದರ ಪಕ್ಕದಲ್ಲೇ. ಮೇಯನೇಸ್ ಮಾತ್ರ ಒಳಗಡೆಯ ಶೆಲ್ಫಿನಲ್ಲಿ, ಎರಡು ತಿಂಗಳ ಮೇಲೆ ಉಳಿದರೆ ಎಸೆಯುತ್ತೇನೆ.

ಉಪ್ಪಿನಕಾಯಿಗೆ ನಾನು ಅತಿ ಹೆಚ್ಚು ಕಾಳಜಿ ಮಾಡುವುದು. ಒಂದು ಕಿಲೋ ಜಾಡಿ ಊಟದ ಮೇಜಿಗೆ ಬರುವುದೇ ಇಲ್ಲ. ಎರಡು ಚಿಕ್ಕ ಗಾಜಿನ ಬಾಟಲಿ ಇಟ್ಟಿದ್ದೇನೆ. ಒಂದು ಮೇಜಿನ ಮೇಲೆ, ಇನ್ನೊಂದು ತೊಳೆದು ಒಣಗುತ್ತಾ ಇರುತ್ತದೆ. ಭಾನುವಾರ ಒಂದು ವಾರಕ್ಕೆ ಬೇಕಾದಷ್ಟು ಮಾತ್ರ ತೆಗೆಯುತ್ತೇನೆ. ಬಿಸಿಲಿಲ್ಲದ ದಿನಗಳಲ್ಲಿ ಬಾಟಲಿಯನ್ನು ಬಿಸಿನೀರಿನಲ್ಲಿ ತೊಳೆದು, ಗಾಳಿಯಾಡುವ ಹಾಗೆ ಓರೆಯಾಗಿ ಬೋರಲು ಹಾಕಿ, ಒಂದು ದಿನ ಪೂರ್ತಿ ಬಿಡುತ್ತೇನೆ. ಬಟ್ಟೆಯಲ್ಲಿ ಒರೆಸಿ ಕೂಡಲೇ ತುಂಬಿದರೆ ಮುಚ್ಚಳದ ತಿರುಪಿನಲ್ಲಿ ನೀರು ಉಳಿದೇ ಉಳಿಯುತ್ತದೆ.

ದೊಡ್ಡ ಜಾಡಿಯಲ್ಲಿ ಹೋಳುಗಳು ಎಣ್ಣೆಯ ಮೇಲೆ ತಲೆ ಎತ್ತದ ಹಾಗೆ ನೋಡಿಕೊಳ್ಳಬೇಕು. ಬೂಸ್ಟಿಗೆ ಗಾಳಿ ಬೇಕು, ಎಣ್ಣೆಯ ಅಡಿಯಲ್ಲಿ ಅದು ಸಿಗುವುದಿಲ್ಲ. ತೆಗೆದ ಮೇಲೆ ಚಮಚದಿಂದ ಒತ್ತಿ ಸಮ ಮಾಡುತ್ತೇನೆ. ಎಣ್ಣೆ ಕಡಿಮೆಯಾಗಿದ್ದರೆ ಎಳ್ಳೆಣ್ಣೆ ಕಾಯಿಸಿ, ಪೂರ್ತಿ ಆರಿಸಿ, ಮೇಲೆ ಒಂದು ಬೆರಳು ದಪ್ಪ ನಿಲ್ಲುವಷ್ಟು ಹಾಕುತ್ತೇನೆ. ಬಿಸಿ ಇರುವಾಗ ಹಾಕಿ ಮುಚ್ಚಿದರೆ ಆವಿ ಹನಿಯಾಗಿ ಮತ್ತೆ ಕೆಳಗೆ ಬೀಳುತ್ತದೆ. ಇದು ಮಾವು, ನಿಂಬೆಯಂಥ ಹುಳಿ, ಉಪ್ಪು ಎರಡೂ ಜೋರಾಗಿರುವ ಉಪ್ಪಿನಕಾಯಿಗೆ ಮಾತ್ರ. ಉಪ್ಪು ಕಡಿಮೆ ಅಂತ ಬರೆದಿರುವುದಕ್ಕೆ ಎಣ್ಣೆಯನ್ನು ನಂಬಬೇಡಿ, ಅದರ ಜಾಗ ಫ್ರಿಜ್ಜು.

ಉಪ್ಪಿನಕಾಯಿಯ ಮೇಲೂ ಬಿಳಿ ಕಾಣುತ್ತದೆ. ಉಪ್ಪಿನ ಹರಳೋ ಬೂಸ್ಟೋ ಅಂತ ತಿಳಿಯಲು ಅದೇ ಬಿಸಿನೀರಿನ ಪರೀಕ್ಷೆ. ಫ್ರಿಜ್ಜಿನಲ್ಲಿಟ್ಟ ಜಾಡಿಯಲ್ಲಿ ಎಣ್ಣೆ ಗಟ್ಟಿಯಾಗಿ ಮಂಕಾದರೆ ಅದು ಚಳಿಗೆ, ಹೊರಗಿಟ್ಟರೆ ತಿಳಿಯಾಗುತ್ತದೆ. ಮೇಲೆ ಕೆನೆಯ ಹಾಗೆ ಪದರ, ಹೋಳು ಲೋಳೆ, ಸುಮ್ನೆ ಇಟ್ಟಲ್ಲೇ ಗುಳ್ಳೆ ಏಳುವುದು, ಇವು ಕೆಟ್ಟ ಲಕ್ಷಣ. ಎಣ್ಣೆ ಕಮಟು ವಾಸನೆ ಬಂದರೆ ಬೂಸ್ಟಿಲ್ಲದಿದ್ದರೂ ತಿನ್ನುವುದು ಬೇಡ. ಒಲೆಯ ಬಿಸಿ, ಕಿಟಕಿಯ ಬಿಸಿಲು ತಾಗುವ ಜಾಡಿಗೆ ಅದು ಬೇಗ ಬರುತ್ತದೆ. ಈಗ ನನ್ನ ಜಾಡಿ ಕೆಳಗಿನ ಕಪಾಟಿನ ಕತ್ತಲಲ್ಲಿದೆ.

ಪ್ರತಿ ಬಾಟಲಿಗೂ ಬಿಳಿ ಟೇಪು ಅಂಟಿಸಿ ತೆರೆದ ದಿನ ಬರೆಯುತ್ತೇನೆ. ಚೀಟಿಯ ಮೇಲೆ ಅಚ್ಚಾದ ತಾರೀಕು ಸೀಲು ಒಡೆಯದ ಬಾಟಲಿಗೆ. ಬೂಸ್ಟು ಹಿಡಿದು ಎಸೆದ ಜಾಡಿಯನ್ನು ಮತ್ತೆ ಬಳಸುವುದಾದರೆ ಮುಚ್ಚಳದ ಒಳಗಿನ ರಟ್ಟಿನ ಬಿಲ್ಲೆಯನ್ನು ಕಿತ್ತು ಎಸೆಯಿರಿ. ಎಷ್ಟು ತೊಳೆದರೂ ಅದರೊಳಗೆ ಬೂಸ್ಟು ಉಳಿಯುತ್ತದೆ. ನನ್ನ ಎರಡನೇ ವರ್ಷದ ಮೊದಲ ಜಾಡಿ ಹಾಳಾದದ್ದು ಅದರಿಂದಲೇ.